ವಾಂತಿಗೆ ಮುಂಚೆ ಬಾಯಲ್ಲಿ ನೀರು, ತಣ್ಣನೆ ಬೆವರು, ಓಕರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಾರ್ಮಾಡಿ ಘಾಟಿಗೆ ಹತ್ತಿರದ ಊರಲ್ಲಿ ಕ್ಲಿನಿಕ್ ಇಟ್ಟುಕೊಂಡವನಿಗೆ ವಾಂತಿಯ ಬಗ್ಗೆ ಪ್ರಶ್ನೆಗಳಿಗೆ ಬರವಿಲ್ಲ. ಚೀಟಿ ಬರೆಯುವಾಗ ಜನ ಕೇಳುತ್ತಾರೆ, ಪೂರ್ತಿ ಉತ್ತರ ಕೊಡೋಣ ಅಂದರೆ ಹೊರಗೆ ಸಾಲು ನಿಂತಿರುತ್ತದೆ. ಅಂಥವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೆಚ್ಚಿನವು ವಾಂತಿ ಆಗುವುದಕ್ಕೆ ಮೊದಲಿನ ಕೆಲವು ನಿಮಿಷಗಳ ಬಗ್ಗೆ.

ವಾಂತಿ ಬರುವ ಮುಂಚೆ ಬಾಯಲ್ಲಿ ಅಷ್ಟೊಂದು ನೀರು ಯಾಕೆ ಬರುತ್ತದೆ?

ಅದು ಹೊಟ್ಟೆಯಿಂದ ಮೇಲೆ ಬಂದ ನೀರಲ್ಲ, ಜೊಲ್ಲೇ. ಮಿದುಳಿನ ಕೆಳತುದಿಯಿಂದ ಆಜ್ಞೆ ಹೋಗಿ ಜೊಲ್ಲಿನ ಗ್ರಂಥಿಗಳು ಒಮ್ಮೆಗೇ ತೆರೆದುಕೊಂಡಿರುತ್ತವೆ. ಸುಮ್ನೆ ಕೂತಿದ್ದಾಗ ನಮ್ಮ ಬಾಯಲ್ಲಿ ನಿಮಿಷಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಲೀಟರಿನ ಮೂರನೇ ಒಂದು ಭಾಗದಷ್ಟು ಜೊಲ್ಲು ಊರುತ್ತದೆ. ಗ್ರಂಥಿಗಳಿಗೆ ನರದಿಂದ ಜೋರಾಗಿ ಸೂಚನೆ ಹೋದರೆ ಅದು ಹತ್ತು ಪಟ್ಟು ಕೂಡ ಆಗಬಹುದು. ಆಗ ನುಂಗಿ ನುಂಗಿ ಸಾಕಾಗುತ್ತದೆ.

ಹೀಗೆ ಜೋರಾಗಿ ಹರಿಯುವ ಜೊಲ್ಲಿನಲ್ಲಿ ಬೈಕಾರ್ಬನೇಟ್ ಜಾಸ್ತಿ ಇರುತ್ತದೆ. ನಮ್ಮ ಅಡುಗೆ ಸೋಡಾದಲ್ಲಿ ಇರುವುದೂ ಅದೇ. ಆಮ್ಲವನ್ನು ತಣಿಸುವುದು ಅದರ ಗುಣ. ಜಠರದ ರಸದ ಪಿಹೆಚ್ ಒಂದು ಎರಡರ ಆಸುಪಾಸು. ಹಲ್ಲಿನ ಮೇಲ್ಪದರ ಪಿಹೆಚ್ 5.5ಕ್ಕಿಂತ ಕೆಳಗೆ ಇಳಿದರೆ ಕರಗಲು ಶುರುವಾಗುತ್ತದೆ. ಹಾಗಾಗಿ ಆ ಆಮ್ಲ ಮೇಲೆ ಬರುವ ಮುಂಚೆಯೇ ಅನ್ನನಾಳಕ್ಕೂ ಹಲ್ಲಿಗೂ ಒಂದು ಲೇಪ ಬಳಿದಿಡುವುದು ಈ ಜೊಲ್ಲಿನ ಕೆಲಸ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ನನಗೂ ಅದು ಒಪ್ಪಿಗೆ.

ಈ ವಾಂತಿ ಕೇಂದ್ರ ಅನ್ನುವುದು ಮಿದುಳಿನಲ್ಲಿ ಎಲ್ಲಿದೆ?

ತಲೆಯ ಹಿಂಭಾಗದಲ್ಲಿ ಕತ್ತು ಶುರುವಾಗುವ ಮಟ್ಟದಲ್ಲಿ, ಬೆನ್ನುಹುರಿ ಮಿದುಳಿಗೆ ಸೇರುವ ಕಡೆ ಮೆಡುಲ್ಲಾ ಎಂಬ ಭಾಗವಿದೆ. ಉಸಿರಾಟ, ಹೃದಯ ಬಡಿತ, ರಕ್ತದೊತ್ತಡ, ನುಂಗುವುದು, ಕೆಮ್ಮುವುದು ಎಲ್ಲದರ ಉಸ್ತುವಾರಿ ಅಲ್ಲೇ. ವಾಂತಿಯದೂ ಅಲ್ಲೇ.

1950ರ ಆಸುಪಾಸಿನಲ್ಲಿ ಬೋರಿಸನ್ ಮತ್ತು ವಾಂಗ್ ಎಂಬಿಬ್ಬರು ಬೆಕ್ಕುಗಳ ಮೆಡುಲ್ಲಾಗೆ ವಿದ್ಯುತ್ ತಾಗಿಸಿ, ವಾಂತಿ ಹುಟ್ಟಿಸುವ ಜಾಗವನ್ನು ಗುರುತಿಸಿದರು. ವಾಂತಿ ಕೇಂದ್ರ ಅನ್ನುವ ಮಾತು ಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿದ್ದು ಆವಾಗಲೇ. ಆದರೆ 1983ರಲ್ಲಿ ಮಿಲ್ಲರ್ ಮತ್ತು ವಿಲ್ಸನ್ ಅದೇ ಕೆಲಸ ಮತ್ತೆ ಮಾಡಿದಾಗ, ಇಲ್ಲಿ ಮುಟ್ಟಿದರೆ ಪ್ರತಿಸಲ ವಾಂತಿ ಆಗುತ್ತದೆ ಎಂದು ಹೇಳುವಂಥ ಒಂದು ಜಾಗ ಸಿಗಲಿಲ್ಲ. ಈಗಿನ ತಿಳಿವಳಿಕೆಯ ಪ್ರಕಾರ ಅದು ಒಂದು ಗುಂಡಿ ಅಲ್ಲ, ಹಲವು ನರಕೋಶಗಳ ಗುಂಪುಗಳು ಸೇರಿದ ಒಂದು ಜಾಲ. ನಾಟಿ ಗದ್ದೆಯಲ್ಲಿ ಸಾಲು ಹಿಡಿದ ಹೆಂಗಸರನ್ನು ನೋಡಿ. ಯಾರೂ ಕೂಗಿ ಹೇಳುವುದಿಲ್ಲ, ಆದರೂ ಒಬ್ಬರ ಕೈ ನೋಡಿ ಒಬ್ಬರು ಒಂದೇ ವೇಗಕ್ಕೆ ಬರುತ್ತಾರೆ. ಅಕ್ಕಪಕ್ಕದ ಈ ಗುಂಪುಗಳೂ ಹಾಗೇ ಒಂದರ ಹಿಂದೆ ಒಂದು ಕೆಲಸ ಹಿಡಿಯುತ್ತವೆ. ಹೇಳಲು ಸುಲಭ ಅಂತ ಈ ಇಡೀ ಜಾಲವನ್ನೇ ಇಲ್ಲಿ ವಾಂತಿ ಕೇಂದ್ರ ಎನ್ನುತ್ತೇನೆ.

ಜಾಲದ ಹೆಬ್ಬಾಗಿಲು ಸಾಲಿಟರಿ ನ್ಯೂಕ್ಲಿಯಸ್ ಎಂಬ ಗುಂಪು. ಹೊರಗಿನ ಸುದ್ದಿ ಹೆಚ್ಚಾಗಿ ಬಂದು ಸೇರುವುದು ಇಲ್ಲಿಗೆ.

ಅಲ್ಲಿಗೆ ಸುದ್ದಿ ಮುಟ್ಟುವುದು ಹೇಗೆ?

ನಾಲ್ಕು ದಾರಿ. ಕೆಟ್ಟ ಊಟ ತಿಂದರೆ ಕರುಳಿನ ಗೋಡೆಯ ಕೆಲವು ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ, ವೇಗಸ್ ನರ ಅದನ್ನು ಹಿಡಿದು ಮೇಲಕ್ಕೆ ಮುಟ್ಟಿಸುತ್ತದೆ. ರಕ್ತದಲ್ಲಿ ವಿಷವೋ ಔಷಧಿಯೋ ಇದ್ದರೆ ಏರಿಯಾ ಪೋಸ್ಟ್ರೀಮಾ ಎಂಬ ಪುಟ್ಟ ಜಾಗ ಅದನ್ನು ಪತ್ತೆ ಮಾಡುತ್ತದೆ. ಮಿದುಳಿನ ಬೇರೆ ಭಾಗಗಳಿಗೆ ರಕ್ತದಿಂದ ಇರುವ ಬಿಗಿ ತಡೆ ಈ ಜಾಗಕ್ಕೆ ಇಲ್ಲ, ಅದಕ್ಕೇ ಅದು ರಕ್ತದ ರುಚಿ ನೋಡಬಲ್ಲದು. ಮೂರನೆಯದು ಒಳಕಿವಿ. ನಾಲ್ಕನೆಯದು ನಮ್ಮ ಮನಸ್ಸು: ವಾಸನೆ, ನೋಟ, ನೆನಪು, ಹೆದರಿಕೆ. ಪಕ್ಕದ ಸೀಟಿನವರು ವಾಂತಿ ಮಾಡಿದ್ದು ನೋಡಿ ನಿಮಗೂ ಬಂತು ಅಂದರೆ ಈ ನಾಲ್ಕನೆಯ ದಾರಿ.

ಘಾಟಿ ಇಳಿಯುವಾಗ ನನ್ನ ಮಗನಿಗೆ ಪ್ರತಿಸಲ ಹೀಗಾಗುತ್ತದೆ. ಒಳಗೆ ಏನು ನಡೆಯುತ್ತದೆ, ಕ್ರಮವಾಗಿ ಹೇಳುತ್ತೀರಾ?

ಚಿಕ್ಕಮಗಳೂರಿನಿಂದ ಮೂಡಿಗೆರೆ ಮೇಲೆ ಧರ್ಮಸ್ಥಳಕ್ಕೆ ಹೋಗುವ ಬಸ್ಸು ಅಂತ ಇಟ್ಟುಕೊಳ್ಳೋಣ. ಹುಡುಗನಿಗೆ ಹತ್ತು ವರ್ಷ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದಿದ್ದಾನೆ, ಹಿಂದಿನ ಸೀಟಿನಲ್ಲಿ ಕೂತು ಅಮ್ಮನ ಮೊಬೈಲ್‌ನಲ್ಲಿ ಗೇಮ್ ಆಡುತ್ತಿದ್ದಾನೆ. ಅಲ್ಲಿಂದ ಮುಂದೆ ಇಳಿಜಾರು, ತಿರುವಿನ ಮೇಲೆ ತಿರುವು.

ಅವನ ಒಳಕಿವಿಯ ಅರ್ಧವೃತ್ತದ ನಾಳಗಳು "ತಿರುಗುತ್ತಿದ್ದೇವೆ" ಎಂದು ಹೇಳುತ್ತಿವೆ. ಕಣ್ಣು ಮೊಬೈಲ್ ಪರದೆಯ ಮೇಲಿದೆ, ಅದು "ಏನೂ ಅಲ್ಲಾಡುತ್ತಿಲ್ಲ" ಅನ್ನುತ್ತದೆ. ಈ ಜಗಳ ಮಿದುಳಿನ ಕಾಂಡಕ್ಕೂ ಕಿರುಮಿದುಳಿಗೂ ಹೋಗಿ, ಅಲ್ಲಿಂದ ವಾಂತಿ ಕೇಂದ್ರಕ್ಕೆ ಇಳಿಯುತ್ತದೆ. ಡ್ರೈವರ್‌ಗೆ ಅದೇ ರಸ್ತೆಯಲ್ಲಿ ಏನೂ ಆಗುವುದಿಲ್ಲ, ಯಾಕೆಂದರೆ ತಿರುವು ಎಲ್ಲಿ ಬರುತ್ತದೆ ಎಂದು ಅವರ ಮಿದುಳಿಗೆ ಮುಂಚೆಯೇ ಗೊತ್ತು.

ಮೊದಲು ಹುಡುಗ ಮಾತು ನಿಲ್ಲಿಸುತ್ತಾನೆ. ಆಕಳಿಸುತ್ತಾನೆ. ಅಮ್ಮ "ಏನಾಯ್ತೋ?" ಅಂದರೆ ಉತ್ತರ ಇಲ್ಲ. ಈ ಹೊತ್ತಿಗೆ ಅವನ ಜಠರದ ಲಯ ಕೆಟ್ಟಿರುತ್ತದೆ. ಮಾಮೂಲಿಯಾಗಿ ಜಠರದಲ್ಲಿ ನಿಮಿಷಕ್ಕೆ ಮೂರು ಅಲೆ ಏಳುತ್ತವೆ. ಹೊಟ್ಟೆ ತೊಳಸುವಾಗ ಆ ಲಯ ಜೋರಾಗಿ, ಅಡ್ಡಾದಿಡ್ಡಿಯಾಗುತ್ತದೆ. ಊಟವನ್ನು ಕೆಳಗೆ ತಳ್ಳುವ ಕೆಲಸ ನಿಲ್ಲುತ್ತದೆ. ದೋಸೆ ಇದ್ದಲ್ಲೇ ಉಳಿಯಿತು.

ಆಮೇಲೆ ಮುಖ ಬಿಳಿಚಿಕೊಳ್ಳುತ್ತದೆ. ಸಿಂಪಥೆಟಿಕ್ ನರಗಳು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡಿವೆ. ಅದೇ ನರಗಳ ಇನ್ನೊಂದು ಕವಲು ಬೆವರಿನ ಗ್ರಂಥಿಗಳನ್ನು ಎಬ್ಬಿಸುತ್ತದೆ. ಹಣೆ, ಮೇಲ್ತುಟಿ, ಕುತ್ತಿಗೆಯ ಮೇಲೆ ಹನಿ ಕಾಣುತ್ತವೆ. ಬಿಸಿಲಲ್ಲಿ ಬೆವರಿದಾಗ ಚರ್ಮಕ್ಕೆ ರಕ್ತ ಜಾಸ್ತಿ ಬಂದು ಮೈ ಬಿಸಿಯಾಗಿ ಕೆಂಪಾಗಿರುತ್ತದೆ. ಇಲ್ಲಿ ರಕ್ತ ಒಳಗೆ ಸರಿದಿದೆ, ಬೆವರು ಮಾತ್ರ ಹೊರಗೆ ಬಂದಿದೆ. ಮುಟ್ಟಿದರೆ ತಣ್ಣಗೆ, ಅಂಟು. ಹೃದಯ ಜೋರಾಗಿ ಬಡಿಯುತ್ತಿರುತ್ತದೆ.

ಇನ್ನು ಜೊಲ್ಲು. "ಅಮ್ಮಾ, ಬಾಯಲ್ಲಿ ನೀರು ಬರ್ತಿದೆ" ಅನ್ನುತ್ತಾನೆ, ಅಥವಾ ಮಾತೂ ಆಡದೆ ಗುಟುಕು ಗುಟುಕಾಗಿ ನುಂಗುತ್ತಿರುತ್ತಾನೆ. ಗಂಟಲ ಹತ್ತಿರ ನೋಡಿದರೆ ಗೊತ್ತಾಗುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ ಇರುವ ಗ್ರಂಥಿಗಳಿಗೆ ಏಳನೆಯ ಮತ್ತು ಒಂಬತ್ತನೆಯ ಕಪಾಲ ನರಗಳ ಮೂಲಕ ಆಜ್ಞೆ ಬಂದಿದೆ. ಕಂಡಕ್ಟರ್ ಅನುಭವಸ್ಥರಾದರೆ ಈ ಹೊತ್ತಿಗೆ ಪ್ಲಾಸ್ಟಿಕ್ ಕವರ್ ಕೊಟ್ಟಿರುತ್ತಾರೆ.

ಹೊರಗೆ ಕಾಣದ ಇನ್ನೊಂದು ಕೆಲಸವೂ ಈಗ ನಡೆಯುತ್ತದೆ. ಜಠರದ ಮೇಲ್ಭಾಗ ಸಡಿಲವಾಗುತ್ತದೆ. ಸಣ್ಣ ಕರುಳಿನ ನಡುವಿನಿಂದ ಒಂದೇ ಒಂದು ದೊಡ್ಡ ಅಲೆ ಎದ್ದು, ಹಿಮ್ಮುಖವಾಗಿ ಜಠರದವರೆಗೆ ಬರುತ್ತದೆ. ನಾಯಿಗಳಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ. ಕರುಳಿನಲ್ಲಿ ಇದ್ದದ್ದನ್ನೆಲ್ಲ ಗುಡಿಸಿ ಜಠರಕ್ಕೆ ತಂದು ಹಾಕುವುದು ಇದರ ಕೆಲಸ.

ಇಷ್ಟಾದ ಮೇಲೆ ಓಕರಿಕೆ, ಅದರ ಬೆನ್ನಿಗೆ ವಾಂತಿ. ಹುಡುಗನಿಗೆ ಸ್ವಲ್ಪ ಹೊತ್ತಿನಲ್ಲಿ ಹಗುರ ಅನ್ನಿಸುತ್ತದೆ. ಆದರೆ ತಿರುವು ಮುಗಿದಿಲ್ಲವಾದರೆ ಮತ್ತೆ ಶುರುವಾಗಬಹುದು, ಯಾಕೆಂದರೆ ಕಾರಣ ಇದ್ದದ್ದು ಹೊಟ್ಟೆಯಲ್ಲಲ್ಲ.

ಎಲ್ಲರಿಗೂ ಇದೇ ಅನುಕ್ರಮ ಗಡಿಯಾರದ ಹಾಗೆ ಬರುವುದಿಲ್ಲ. ಕೆಲವರಿಗೆ ಜೊಲ್ಲು ಮೊದಲು, ಬೆವರು ಆಮೇಲೆ. ಇನ್ನು ಕೆಲವರು ಬೆವರಿ, ಬಿಳಿಚಿ, ವಾಂತಿ ಆಗದೆಯೇ ಉಜಿರೆ ತಲುಪುತ್ತಾರೆ.

ಹೆದರಿದಾಗ ಬೆವರು ಬರುತ್ತದೆ, ಬಾಯಿ ಒಣಗುತ್ತದೆ. ವಾಂತಿಗೆ ಮುಂಚೆ ಬೆವರೂ ಬರುತ್ತದೆ, ಬಾಯಿಯೂ ತುಂಬುತ್ತದೆ. ಇದೇನು?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಕೇಳಿದ್ದು ಪಿಯುಸಿ ಓದುವ ಹುಡುಗಿ.

ನಮ್ಮ ಒಳಾಂಗಗಳಿಗೆ ಎರಡು ಬಗೆಯ ನರಗಳಿವೆ. ಅಪಾಯ ಬಂದಾಗ ಮೈಯನ್ನು ಎಚ್ಚರಿಸುವುದು ಸಿಂಪಥೆಟಿಕ್. ಊಟ, ಜೀರ್ಣ, ವಿಶ್ರಾಂತಿಯ ಕೆಲಸಕ್ಕೆ ಪ್ಯಾರಾಸಿಂಪಥೆಟಿಕ್. ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ತೋಟದ ದಾರಿಯಲ್ಲಿ ಆನೆ ಎದುರಾದರೆ ಸಿಂಪಥೆಟಿಕ್ ಏರುತ್ತದೆ, ಅಂಗೈ ಬೆವರುತ್ತದೆ, ಪ್ಯಾರಾಸಿಂಪಥೆಟಿಕ್ ಕುಗ್ಗಿ ನಾಲಿಗೆ ಒಣಗುತ್ತದೆ. ಊಟ ಕಂಡಾಗ ಜೊಲ್ಲು ಊರುತ್ತದೆ, ತಣ್ಣನೆ ಬೆವರು ಬರುವುದಿಲ್ಲ.

ವಾಂತಿಗೆ ಮುಂಚೆ ಮಾತ್ರ ಎರಡೂ ಒಟ್ಟಿಗೆ ಏರುತ್ತವೆ. ಜೊಲ್ಲು ಮತ್ತು ಜಠರದ ಸಡಿಲಿಕೆ ಪ್ಯಾರಾಸಿಂಪಥೆಟಿಕ್‌ನದು. ಬೆವರು, ಬಿಳಿಚುವಿಕೆ, ಎದೆಬಡಿತ ಸಿಂಪಥೆಟಿಕ್‌ನದು. ಇವೆರಡೂ ತಾವಾಗಿ ಹೀಗೆ ಕೈಜೋಡಿಸುವುದಿಲ್ಲ. ಮೇಲಿನಿಂದ ಯಾರೋ ಇಬ್ಬರಿಗೂ ಒಟ್ಟಿಗೆ ಹೇಳಿರಬೇಕು. ವಾಂತಿ ಕೇಂದ್ರದ ಅಕ್ಕಪಕ್ಕದಲ್ಲೇ ಜೊಲ್ಲಿನ ನರಗಳ ಮೂಲ, ವೇಗಸ್ ನರದ ಮೂಲ, ರಕ್ತನಾಳಗಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಕೋಶಗಳು, ಉಸಿರಾಟದ ಕೋಶಗಳು ಎಲ್ಲ ಇವೆ. ಅದಕ್ಕೇ ಒಂದೇ ಸೂಚನೆಗೆ ಇಷ್ಟು ಬೇರೆ ಬೇರೆ ಅಂಗಗಳು ಅಲ್ಲಾಡುತ್ತವೆ.

ಜೊಲ್ಲಿನಿಂದ ಏನು ಲಾಭ ಎಂದು ಹೇಳಬಹುದು. ಬೆವರಿನಿಂದ ಅಂಥ ನೇರ ಲಾಭ ಏನೂ ಕಾಣುವುದಿಲ್ಲ. ಮೈ ಪೂರ್ತಿ ಎಚ್ಚರಗೊಂಡಾಗ ಅದು ಜೊತೆಗೆ ಬರುತ್ತದೆ, ಅಷ್ಟೇ.

ಓಕರಿಕೆಗೂ ವಾಂತಿಗೂ ಏನು ವ್ಯತ್ಯಾಸ? ಎರಡರಲ್ಲೂ ಹೊಟ್ಟೆ ಹಿಂಡುತ್ತದೆ ಅಲ್ವಾ?

ಹಿಂಡುತ್ತದೆ, ಆದರೆ ಜಠರ ತಾನಾಗಿ ಹಿಂಡುವುದಿಲ್ಲ. 1813ರಲ್ಲಿ ಫ್ರಾನ್ಸಿನ ಮಜಾಂಡಿ ಒಂದು ನಾಯಿಯ ಜಠರ ತೆಗೆದು, ಆ ಜಾಗಕ್ಕೆ ಹಂದಿಯ ಮೂತ್ರಕೋಶ ಜೋಡಿಸಿ, ವಾಂತಿ ಬರಿಸುವ ಔಷಧಿಯನ್ನು ರಕ್ತಕ್ಕೆ ಕೊಟ್ಟರು. ವಾಂತಿ ಆಯಿತು. ಅಂದರೆ ಜಠರ ಒಂದು ಚೀಲ ಮಾತ್ರ, ಹಿಂಡುವುದು ಸುತ್ತಲಿನ ಸ್ನಾಯುಗಳು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು.

ಓಕರಿಕೆಯಲ್ಲಿ ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಕ್ಕೆ ಒತ್ತುತ್ತದೆ, ಅದೇ ಕ್ಷಣಕ್ಕೆ ಹೊಟ್ಟೆಯ ಸ್ನಾಯುಗಳು ಒಳಕ್ಕೆ ಒತ್ತುತ್ತವೆ. ಉಸಿರಾಡುವಾಗ ಇವೆರಡೂ ಒಂದಾದ ಮೇಲೆ ಒಂದು ಕೆಲಸ ಮಾಡುತ್ತವೆ. ಓಕರಿಕೆಯಲ್ಲಿ ಮಾತ್ರ ಒಟ್ಟಿಗೆ, ಸಣ್ಣ ಸಣ್ಣ ಝಟಕೆಗಳಲ್ಲಿ. ಹೊಟ್ಟೆಯೊಳಗೆ ಒತ್ತಡ ಏರುತ್ತದೆ, ಎದೆಯೊಳಗೆ ಇಳಿಯುತ್ತದೆ. ಜಠರದಲ್ಲಿ ಇದ್ದದ್ದು ಅನ್ನನಾಳಕ್ಕೆ ಏರಿ ಮತ್ತೆ ಕೆಳಗೆ ಬೀಳುತ್ತದೆ. ಬಾಯಿಗೆ ಏನೂ ಬರುವುದಿಲ್ಲ.

ವಾಂತಿಯಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ. ಅನ್ನನಾಳ ತೂರಿ ಬರುವ ಕಡೆ ಅದನ್ನು ಸುತ್ತಿಕೊಂಡಿರುವ ವಪೆಯ ಭಾಗ ಸಡಿಲವಾಗುತ್ತದೆ. ಹೊಟ್ಟೆಯ ಸ್ನಾಯುಗಳು ಒಂದೇ ಸಮನೆ ಒತ್ತುತ್ತವೆ. ಈಗ ಎದೆಯೊಳಗೂ ಒತ್ತಡ ಏರುತ್ತದೆ, ಅನ್ನನಾಳದ ಮೇಲಿನ ಬಾಗಿಲು ತೆರೆಯುತ್ತದೆ, ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಎಷ್ಟೋ ಸಲ ಆ ಮುಚ್ಚುವಿಕೆ ಸಾಲದೆ ಮೂಗಿನಲ್ಲೂ ಬರುತ್ತದೆ, ಆ ಉರಿ ಕಂಡವರಿಗೇ ಗೊತ್ತು.

ಕುಡಿದು ಎಚ್ಚರ ತಪ್ಪಿದವರಲ್ಲಿ ಧ್ವನಿಪೆಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚದೆ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಅಂಥವರನ್ನು ಅಂಗಾತ ಮಲಗಿಸಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ.

ಹಳದಿ ಹಳದಿಯಾಗಿ ಕಹಿ ನೀರು ಬಂತು. ಪಿತ್ತ ಜಾಸ್ತಿ ಆಗಿದೆಯಾ?

ಜಾಸ್ತಿ ಆಗಿಲ್ಲ, ಜಾಗ ಬದಲಾಗಿದೆ. ಪಿತ್ತರಸ ಇರಬೇಕಾದದ್ದು ಸಣ್ಣ ಕರುಳಿನಲ್ಲಿ. ಮೇಲೆ ಹೇಳಿದ ಹಿಮ್ಮುಖದ ಅಲೆ ಅದನ್ನು ಜಠರಕ್ಕೆ ತಂದಿತು. ಹೊಟ್ಟೆ ಖಾಲಿ ಇದ್ದರೆ, ಎರಡನೇ ಮೂರನೇ ವಾಂತಿಯಲ್ಲಿ ಬರುವುದಕ್ಕೆ ಇನ್ನೇನೂ ಇರುವುದಿಲ್ಲ, ಅದೇ ಬರುತ್ತದೆ. "ಪಿತ್ತ ಕೆದರಿದೆ" ಎಂದು ಊಟ ಬಿಡಿಸುವ ಅಜ್ಜಿಯರಿಗೆ ಇದನ್ನು ಹೇಳಿ ಗೆದ್ದವರಿಲ್ಲ. ಆದರೆ ಹಸುಗೂಸು ಹಸಿರು ವಾಂತಿ ಮಾಡಿದರೆ ತಡ ಮಾಡಬೇಡಿ, ಕರುಳು ತಿರುಚಿಕೊಂಡಿರಬಹುದು. ಆಗಿಂದಾಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಾಯಲ್ಲಿ ನೀರು ಬಂದ ಮೇಲೆ ವಾಂತಿ ತಡೆಯಬಹುದಾ?

ಬೆವರು, ಜೊಲ್ಲಿನ ಹಂತದವರೆಗೆ ತಡೆಯಬಹುದು. ಮೊಬೈಲ್ ಕೆಳಗಿಡಿ, ಕಿಟಕಿ ತೆಗೆಯಿರಿ, ತಲೆ ಸೀಟಿಗೆ ಒರಗಿಸಿ ದೂರದ ಬೆಟ್ಟ ನೋಡಿ, ನಿಧಾನವಾಗಿ ಆಳವಾಗಿ ಉಸಿರಾಡಿ. ಮುಂದಿನ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ಝಟಕೆಗಳು ಶುರುವಾದ ಮೇಲೆ ಹಲ್ಲು ಕಚ್ಚಿ ಹಿಡಿಯಬೇಡಿ, ಬಸ್ಸು ನಿಲ್ಲಿಸಲು ಹೇಳಿ.

ಮಾತ್ರೆ ತಗೊಂಡರೂ ಬಂತಲ್ಲ, ಯಾಕೆ?

ಹೆಚ್ಚಿನ ಸಲ ತಗೊಂಡ ಹೊತ್ತು ತಪ್ಪು. ಹೊಟ್ಟೆ ತೊಳಸಲು ಶುರುವಾದಾಗಲೇ ಜಠರ ಕೆಲಸ ನಿಲ್ಲಿಸಿರುತ್ತದೆ ಎಂದೆನಲ್ಲ. ಆಗ ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಅಲ್ಲೇ ಕೂತು, ವಾಂತಿಯಲ್ಲಿ ಹೊರಗೆ ಬರುತ್ತದೆ. ಹೊರಡುವ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು.

ಇನ್ನೊಂದು ಕಾರಣ, ಮಾತ್ರೆಯೇ ಬೇರೆ. ಆಂಡಾನ್ಸೆಟ್ರಾನ್ ಸೆರೊಟೋನಿನ್ನಿನ ದಾರಿಯನ್ನು ಕಟ್ಟುತ್ತದೆ. ಹೊಟ್ಟೆ ಕೆಟ್ಟ ವಾಂತಿಗೆ, ಕೀಮೋಥೆರಪಿಯ ವಾಂತಿಗೆ ಅದು ಒಳ್ಳೆಯದು. ಒಳಕಿವಿಯ ದಾರಿಯಲ್ಲಿ ಸುದ್ದಿ ಒಯ್ಯುವುದು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಬೇರೆ ರಾಸಾಯನಿಕಗಳು, ಅಲ್ಲಿ ಆಂಡಾನ್ಸೆಟ್ರಾನ್ ಆಟ ನಡೆಯದು. ಘಾಟಿಗೆ ಪ್ರೊಮೆಥಜಿನ್ ಥರದ್ದು ಬೇಕು. ಅದು ನಿದ್ದೆ ಬರಿಸುತ್ತದೆ, ಹಾಗಾಗಿ ಗಾಡಿ ಓಡಿಸುವವರು ತಗೊಳ್ಳಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಅಷ್ಟು ಚಿಕ್ಕ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೂ ಅಪರೂಪ.

ತೋಟದಲ್ಲಿ ಔಷಧಿ ಹೊಡೆದು ಬಂದವರಿಗೆ ಜೊಲ್ಲು, ಬೆವರು, ವಾಂತಿ ಮೂರೂ ಆಯಿತು. ಇದೂ ಅದೇನಾ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಾದರೆ ಇದನ್ನು ಓದಿ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಥರದ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಮೈಗೆ ಸೇರಿದರೆ, ಅಸಿಟೈಲ್‌ಕೋಲಿನ್ ಅನ್ನು ಒಡೆದು ಹಾಕುವ ಕಿಣ್ವ ಕೆಲಸ ನಿಲ್ಲಿಸುತ್ತದೆ. ಜೊಲ್ಲಿನ ಗ್ರಂಥಿಗೂ ಬೆವರಿನ ಗ್ರಂಥಿಗೂ ನರ ಕೊಡುವ ಕೊನೆಯ ಸೂಚನೆ ಇದೇ ಅಸಿಟೈಲ್‌ಕೋಲಿನ್. ಅದು ಒಡೆಯದೆ ಅಲ್ಲೇ ಉಳಿದರೆ ಗ್ರಂಥಿಗಳು ನಿಲ್ಲದೆ ಸುರಿಸುತ್ತವೆ. ಆಜ್ಞೆ ಬಂದದ್ದು ವಾಂತಿ ಕೇಂದ್ರದಿಂದ ಅಲ್ಲ, ನಲ್ಲಿಯೇ ಕೆಟ್ಟು ತೆರೆದುಕೊಂಡಿದೆ.

ಒಂದು ಸಂದರ್ಭ ಹೇಳುತ್ತೇನೆ. ನಡುವಯಸ್ಸಿನ ಆಳು, ಮಾಸ್ಕ್ ಇಲ್ಲದೆ, ಬರೀ ಕೈಯಲ್ಲಿ ಕಲಸಿ ಬೆಳಿಗ್ಗೆಯೆಲ್ಲ ಔಷಧಿ ಹೊಡೆದಿದ್ದಾರೆ. ಮಧ್ಯಾಹ್ನ ಹೊಟ್ಟೆ ನುಲಿದು ವಾಂತಿ ಆಯಿತು. ಮನೆಯವರು ಬಿಸಿಲು ಅಂದುಕೊಂಡು ಮಲಗಿಸಿದರು. ಪ್ರಯಾಣದ ವಾಂತಿಯಾದರೆ, ವಾಂತಿ ಆದ ಮೇಲೆ ಜೊಲ್ಲು ಕಡಿಮೆಯಾಗಬೇಕು. ಇವರಿಗೆ ಜೊಲ್ಲು ಸುರಿಯುತ್ತಲೇ ಇತ್ತು. ಕಣ್ಣಲ್ಲಿ ನೀರು, ಭೇದಿ. ಟಾರ್ಚ್ ಇಲ್ಲದೆಯೇ ಕಾಣುವಷ್ಟು ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು. ಎದೆಯಲ್ಲಿ ಗೊರಗೊರ, ತೊಡೆಯ ಸ್ನಾಯು ತಾನೇ ಅದುರುತ್ತಿತ್ತು. ಮೈಮೇಲೆ ಬೆಳ್ಳುಳ್ಳಿಯಂಥ ವಾಸನೆ. ಇಷ್ಟರಲ್ಲಿ ಎರಡು ಮೂರು ಕಂಡರೂ ಕಾಯಬೇಡಿ. ಶ್ವಾಸನಾಳದಲ್ಲೂ ಇದೇ ಥರ ನೀರು ತುಂಬುತ್ತದೆ, ಜೀವ ಹೋಗುವುದು ಹೆಚ್ಚಾಗಿ ಉಸಿರಾಟ ನಿಂತು.

108ಕ್ಕೆ ಫೋನ್ ಮಾಡಿ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತಲೆ ತೊಳೆಯಿರಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಔಷಧಿಯ ಡಬ್ಬಿ ಅಥವಾ ಲೇಬಲ್ ಜೊತೆಗೆ ತನ್ನಿ, ಅದು ನಮ್ಮ ಅರ್ಧ ಕೆಲಸ ಮುಗಿಸುತ್ತದೆ. ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡುತ್ತಾರೆ. ಎದೆಯ ಗೊರಗೊರ ನಿಲ್ಲುವವರೆಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಜೊಲ್ಲು, ಹೊಟ್ಟೆ ತೊಳಸುವುದು ಯಾವುದೂ ಇಲ್ಲದೆ ನೇರವಾಗಿ ವಾಂತಿ ಆದರೆ?

ತಲೆಗೆ ಪೆಟ್ಟು ಬಿದ್ದವರಲ್ಲಿ, ಮಿದುಳಿನಲ್ಲಿ ಗೆಡ್ಡೆ ಇದ್ದವರಲ್ಲಿ ಒಳಗಿನ ಒತ್ತಡ ಏರಿ ಮೆಡುಲ್ಲಾವನ್ನೇ ಅದುಮಬಹುದು. ಆಗ ಮುನ್ಸೂಚನೆ ಇಲ್ಲದೆ ರಭಸದಿಂದ ವಾಂತಿ ಬರುತ್ತದೆ. ಬೈಕಿನಿಂದ ಬಿದ್ದವರು "ಏನೂ ಆಗಿಲ್ಲ" ಎಂದು ಮನೆಗೆ ಬಂದು, ಸಂಜೆ ಮತ್ತೆ ಮತ್ತೆ ವಾಂತಿ ಮಾಡಿದರೆ ಸ್ಕ್ಯಾನ್ ಆಗಲೇಬೇಕು.

ತಣ್ಣನೆ ಬೆವರು, ವಾಕರಿಕೆ. ಆದರೆ ಪ್ರಯಾಣವೂ ಇಲ್ಲ, ಕೆಟ್ಟ ಊಟವೂ ಇಲ್ಲ.

ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಆದರೆ ಇಸಿಜಿ ಮಾಡಿಸಿ. ಹೃದಯದ ಕೆಳಗೋಡೆಗೆ ಪೆಟ್ಟಾದಾಗ ಅಲ್ಲಿಂದಲೂ ವೇಗಸ್ ನರವೇ ಸುದ್ದಿ ಒಯ್ಯುತ್ತದೆ. ಎದೆನೋವು ಅಷ್ಟಾಗಿ ಇಲ್ಲದೆ ಬರೀ "ಗ್ಯಾಸು, ವಾಕರಿಕೆ, ಬೆವರು" ಎಂದು ಬಂದವರಲ್ಲಿ ಹೃದಯಾಘಾತ ಸಿಕ್ಕಿರುವುದು ಹೊಸದೇನಲ್ಲ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಾದರೆ ಸಕ್ಕರೆ ಇಳಿದಿದೆಯಾ ಅಂತಲೂ ನೋಡಬೇಕು.

ವಾಂತಿ ಆದ ತಕ್ಷಣ ಹಲ್ಲುಜ್ಜಬಹುದಾ?

ಬೇಡ. ಆಮ್ಲ ತಾಗಿ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಬರೀ ನೀರಲ್ಲಿ, ಇಲ್ಲವೇ ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ. ಅರ್ಧ ಗಂಟೆ ಬಿಟ್ಟು ಬ್ರಶ್ ಹಿಡಿಯಿರಿ.